ಮೂರು ಜನರ ಸೇಲ್ಸ್ ಟೀಮ್‌ಗೆ ಯಾವ ಸಿಆರ್‌ಎಂ ಸರಿ? ಪೈಪ್‌ಲೈನ್ ಹಂತಗಳನ್ನು ಹೇಗೆ ಇಡಬೇಕು?

ಹುಬ್ಬಳ್ಳಿ_ಬಿಸಿಲು

ಎಲ್ಲರಿಗೂ ನಮಸ್ಕಾರ. ನಮ್ಮದು ಹುಬ್ಬಳ್ಳಿಯಲ್ಲಿ ಮಹಡಿ ಮೇಲೆ ಸೋಲಾರ್ ಹಾಕುವ ಸಣ್ಣ ಸಂಸ್ಥೆ. ಹುಬ್ಬಳ್ಳಿ-ಧಾರವಾಡ ಅಲ್ಲದೆ ಗದಗ, ಹಾವೇರಿ ಕಡೆಗೂ ಹೋಗುತ್ತೇವೆ. ಮಾರಾಟ ನೋಡಿಕೊಳ್ಳುವವರು ಮೂರೇ ಜನ. ನಾನು, ಸೈಟ್ ನೋಡಲು ಓಡಾಡುವ ಒಬ್ಬ ಹುಡುಗ, ಆಫೀಸಿನಲ್ಲಿ ಫೋನ್ ಮತ್ತು ಕೊಟೇಶನ್ ನೋಡುವ ಒಬ್ಬ ಮೇಡಂ.

ಸಮಸ್ಯೆ ಏನಂದ್ರೆ, ವಿಚಾರಣೆಗಳು ಎಲ್ಲಾ ಕಡೆಯಿಂದ ಬರುತ್ತವೆ. ಫೋನ್, ವಾಟ್ಸಾಪ್, ಹಳೆ ಗ್ರಾಹಕರ ಪರಿಚಯ, ಲಿಸ್ಟಿಂಗ್ ಸೈಟ್‌ಗಳು. ಮೇಡಂ ಹತ್ತಿರ ಒಂದು ನೋಟ್‌ಬುಕ್ ಇದೆ, ಹುಡುಗನ ಹತ್ತಿರ ಅವನ ವಾಟ್ಸಾಪ್ ಇದೆ, ನನ್ನ ಹತ್ತಿರ ಒಂದು ಎಕ್ಸೆಲ್. ಹೋದ ತಿಂಗಳು ನವನಗರದ ಒಬ್ಬರಿಗೆ ಅದೇ 3 ಕಿಲೋವ್ಯಾಟ್‌ಗೆ ನಮ್ಮಿಂದಲೇ ಎರಡು ರೇಟ್ ಹೋಯಿತು. ಅವರು ಬೇರೆಯವರ ಹತ್ತಿರ ಹಾಕಿಸಿಕೊಂಡರು.

ಎಕ್ಸೆಲ್‌ನಲ್ಲಿ ಸದ್ಯ ಇರುವ ಸ್ಟೇಟಸ್‌ಗಳು: ಹಾಟ್, ವಾರ್ಮ್, ಕೋಲ್ಡ್, ಫಾಲೋಅಪ್, ಕೊಟೇಶನ್ ಕಳಿಸಿದೆ, ಮಾತುಕತೆಯಲ್ಲಿ. ಅರ್ಧಕ್ಕಿಂತ ಜಾಸ್ತಿ ಸಾಲುಗಳು ಫಾಲೋಅಪ್‌ನಲ್ಲೇ ಇವೆ. ಮುಂದಿನ ತಿಂಗಳಿಗೆ ಎಷ್ಟು ಪ್ಯಾನೆಲ್ ತರಿಸಬೇಕು ಅಂತ ಡೀಲರ್ ಕೇಳಿದರೆ ಅಂದಾಜಿನಲ್ಲೇ ಹೇಳಬೇಕಾಗಿದೆ. ಒಬ್ಬರು ಬಂದು ಸಾಫ್ಟ್‌ವೇರ್ ಡೆಮೊ ಕೊಟ್ಟರು, ಅದರ ಪೈಪ್‌ಲೈನ್‌ನಲ್ಲಿ, ಅಂದರೆ ವಿಚಾರಣೆಯಿಂದ ಆರ್ಡರ್‌ವರೆಗಿನ ದಾರಿಯಲ್ಲಿ, 11 ಹಂತಗಳಿದ್ದವು. ಅಷ್ಟೆಲ್ಲ ಬೇಕಾ? ಗ್ರಾಹಕರ ದಾಖಲೆ ಇಡುವ ಈ ಸಿಆರ್‌ಎಂಗಳಲ್ಲಿ ಯಾವ ಟೂಲ್ ತಗೊಳ್ಳಲಿ?

ಪೀಣ್ಯ_2ನೇ_ಹಂತ

ಮೂರು ಜನಕ್ಕೆ ಸಿಆರ್‌ಎಂ ಯಾಕೆ? ಗೂಗಲ್ ಶೀಟ್ ಸಾಕು. ಸುಮ್ನೆ ದುಡ್ಡು ದಂಡ.

ಜಯನಗರ_ಟಿ_ಬ್ಲಾಕ್

ಶೀಟ್ ಸಾಕು ಅನ್ನುವವರು ಒಂದು ಮರೆಯುತ್ತಾರೆ. ಗ್ರಾಹಕರಿಗೆ ನಾಳೆ ಫೋನ್ ಮಾಡಬೇಕು ಅಂತ ಶೀಟ್ ತಾನಾಗಿ ನೆನಪಿಸುವುದಿಲ್ಲ. ಮಹಡಿ ಮೇಲೆ ನಿಂತ ಹುಡುಗ ಮೊಬೈಲ್‌ನಲ್ಲಿ 14 ಕಾಲಂ ಇರುವ ಶೀಟ್ ತೆರೆದು ತುಂಬುವುದೂ ಇಲ್ಲ. ಸಂಜೆ ತುಂಬುತ್ತೇನೆ ಅಂತಾನೆ, ಸಂಜೆ ಮರೆಯುತ್ತಾನೆ.

ಕೆರೆದಂಡೆ

ಟೂಲ್ ಆಮೇಲೆ ನೋಡೋಣ ಸರ್. ಮೊದಲು ಮೂರು ವಿಷಯ ಹೇಳಿ. ಒಂದು, ಮನೆಗಳು ಮಾತ್ರವಾ, ಫ್ಯಾಕ್ಟರಿಗಳೂ ಇವೆಯಾ? ಎರಡು, ಮನೆಯವರು ಮೊದಲ ಸಲ ಫೋನ್ ಮಾಡಿದಾಗಿನಿಂದ ಮುಂಗಡ ಕೊಡುವವರೆಗೆ ಸಾಮಾನ್ಯವಾಗಿ ಎಷ್ಟು ದಿನ? ಮೂರು, ಕೈತಪ್ಪಿದವರು ಹೆಚ್ಚಾಗಿ ಎಲ್ಲಿ ನಿಂತುಬಿಡುತ್ತಾರೆ?

ಇದಕ್ಕೆ ನೆನಪಿನಿಂದ ಉತ್ತರ ಬೇಡ. ಇತ್ತೀಚೆಗೆ ಮುಗಿದ ಹತ್ತು-ಹದಿನೈದು ಆರ್ಡರ್, ಅಷ್ಟೇ ಕೈತಪ್ಪಿದವು, ಎರಡನ್ನೂ ತೆಗೆದು ಮೂವರೂ ಒಂದು ಮಧ್ಯಾಹ್ನ ಕೂತುಕೊಳ್ಳಿ. ಪ್ರತಿ ಗ್ರಾಹಕರ ವಾಟ್ಸಾಪ್ ಚಾಟ್ ತೆರೆದು, ಅವರು ಏನೇನು ಮಾಡಿದರು ಅಂತ ಕ್ರಮವಾಗಿ ಬರೆಯಿರಿ. ನಾವು ಏನು ಕಳಿಸಿದೆವು ಅಂತಲ್ಲ, ಅವರು ಏನು ಮಾಡಿದರು. ಹಂತಗಳು ಅಲ್ಲಿಂದಲೇ ಸಿಗುತ್ತವೆ.

ಫ್ರಾಂಕ್‌ಫರ್ಟ್_ಕನ್ನಡಿಗ

ನಾನು ಇಲ್ಲಿ ದೊಡ್ಡ ಕಂಪನಿಯೊಂದರ ಸೇಲ್ಸ್ ವಿಭಾಗದಲ್ಲಿ ಇದ್ದೇನೆ. ನಾವು ಪ್ರತಿ ಹಂತಕ್ಕೂ ಒಂದು ಶೇಕಡಾವಾರು ಇಟ್ಟಿರುತ್ತೇವೆ. ಮೊದಲ ಹಂತ 10, ಆಮೇಲೆ 25, 50, 75, 90. ಡೀಲ್‌ನ ಮೊತ್ತವನ್ನು ಅದರಿಂದ ಗುಣಿಸಿ ಕೂಡಿಸಿದರೆ ಮುಂದಿನ ತಿಂಗಳ ಅಂದಾಜು ಬರುತ್ತದೆ. ನಿಮ್ಮ ಪ್ಯಾನೆಲ್ ಸ್ಟಾಕ್ ಪ್ರಶ್ನೆಗೆ ಉತ್ತರ ಇದೇ. ಇನ್ನೆರಡು ವಿಷಯ ಕಡ್ಡಾಯ ಮಾಡಿ. ಪ್ರತಿ ಡೀಲ್‌ಗೆ ಒಬ್ಬರೇ ಜವಾಬ್ದಾರರು, ಮತ್ತು ಡೀಲ್ ಕೈತಪ್ಪಿದರೆ ಕಾರಣ ತುಂಬದೆ ಮುಚ್ಚಲು ಆಗಬಾರದು. ಸೇಲ್ಸ್‌ಫೋರ್ಸ್ ಸಿಆರ್‌ಎಂನಿಂದಲೇ ಶುರು ಮಾಡಿದರೆ ಮುಂದೆ ಬದಲಿಸುವ ತಲೆನೋವು ಇರುವುದಿಲ್ಲ.

ಬೆಣ್ಣೆದೋಸೆ_ದಾವಣಗೆರೆ

ಸರ್ ನಮ್ಮ ಮನೆಗೂ 3 ಕಿಲೋವ್ಯಾಟ್ ಹಾಕಿಸಬೇಕು ಅಂತಿದ್ದೇವೆ. ಸಬ್ಸಿಡಿ ಎಷ್ಟು ಬರುತ್ತೆ? ನಿಮಗೆ ಕೊಡಬೇಕಾದ ದುಡ್ಡಲ್ಲಿ ಕಳೆದು ಕೊಡ್ತೀರಾ?

ಹುಬ್ಬಳ್ಳಿ_ಬಿಸಿಲು

@ಬೆಣ್ಣೆದೋಸೆ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮೊದಲ 2 ಕಿಲೋವ್ಯಾಟ್‌ಗೆ ಕಿಲೋವ್ಯಾಟ್‌ಗೆ ₹30,000, ಮೂರನೆಯದಕ್ಕೆ ₹18,000. ಒಟ್ಟು ₹78,000, ಅದಕ್ಕಿಂತ ಮೇಲೆ ಇಲ್ಲ. ಕಳೆದು ಕೊಡಲು ಬರುವುದಿಲ್ಲ. ಸಿಸ್ಟಂ ಹಾಕಿ, ನೆಟ್ ಮೀಟರ್ ಕೂರಿಸಿ, ತಪಾಸಣೆ ಎಲ್ಲ ಆದ ಮೇಲೆ ನಿಮ್ಮ ಬ್ಯಾಂಕ್ ಖಾತೆಗೇ ಬರುತ್ತದೆ. ಅರ್ಜಿ pmsuryaghar.gov.in ನಲ್ಲಿ.

@ಕೆರೆದಂಡೆ ನೀವು ಹೇಳಿದ ಹಾಗೆ ಇವತ್ತು ಮಧ್ಯಾಹ್ನ ಮೂವರೂ ಕೂತೆವು. ಫ್ಯಾಕ್ಟರಿಗಳೂ ಇವೆ, ಆದರೆ ಕಡಿಮೆ. ಗೋಕುಲ ರಸ್ತೆ, ತಾರಿಹಾಳ ಕಡೆಯವು. ಮನೆಯವರು ಸುಮಾರು ಮೂರು ವಾರದಿಂದ ಎರಡು ತಿಂಗಳೊಳಗೆ ಮುಂಗಡ ಕೊಡುತ್ತಾರೆ. ಫ್ಯಾಕ್ಟರಿ ಅಂದರೆ ಆರು ತಿಂಗಳೂ ಹಿಡಿಯುತ್ತದೆ, ಯಾಕೆಂದರೆ ಅವರಿಗೆ ಸಬ್ಸಿಡಿ ಇಲ್ಲ, 40 ಶೇಕಡಾ ಸವಕಳಿ ಲೆಕ್ಕವನ್ನು ಅವರ ಸಿಎ ನೋಡಬೇಕು, ಪಾಲುದಾರರು ಒಪ್ಪಬೇಕು.

ಚಾಟ್‌ಗಳನ್ನು ನೋಡಿದಾಗ ಒಂದು ಗೊತ್ತಾಯಿತು. ಆರ್ಡರ್ ಕೊಟ್ಟ ಬಹುತೇಕ ಎಲ್ಲರೂ ಶುರುವಿನಲ್ಲೇ ಕರೆಂಟ್ ಬಿಲ್‌ನ ಫೋಟೋ ಕಳಿಸಿದ್ದರು. ಕೈತಪ್ಪಿದವರಲ್ಲಿ ಅರ್ಧ ಜನ ಬಿಲ್ ಕಳಿಸಿಯೇ ಇರಲಿಲ್ಲ. ಅವರಿಗೂ ನಾವು ಕೊಟೇಶನ್ ಕಳಿಸಿದ್ದೆವು.

ಕೆರೆದಂಡೆ

ಹಾಗಾದರೆ ನಿಮ್ಮ ಪೈಪ್‌ಲೈನ್‌ನ ಮೊದಲ ಬಾಗಿಲು ಆ ಬಿಲ್ಲೇ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ನಿಮ್ಮ ಈಗಿನ ಪಟ್ಟಿಯಲ್ಲಿ ಮೂರು ಬೇರೆ ಬೇರೆ ವಿಷಯಗಳು ಬೆರೆತಿವೆ. ಹಾಟ್-ವಾರ್ಮ್ ಅನ್ನುವುದು ನಿಮ್ಮ ಅನಿಸಿಕೆ. ಫಾಲೋಅಪ್ ಅನ್ನುವುದು ನೀವು ಮಾಡಬೇಕಾದ ಕೆಲಸ. ಕೊಟೇಶನ್ ಕಳಿಸಿದೆ ಅನ್ನುವುದು ನೀವು ಮಾಡಿ ಮುಗಿಸಿದ ಕೆಲಸ. ಗ್ರಾಹಕರು ಎಲ್ಲಿದ್ದಾರೆ ಅಂತ ಯಾವುದೂ ಹೇಳುವುದಿಲ್ಲ. ಹಂತ ಅಂದರೆ ಗ್ರಾಹಕರು ಒಂದು ಹೆಜ್ಜೆ ಮುಂದೆ ಇಟ್ಟಿದ್ದಾರೆ, ಅದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿ ಇದೆ ಅಂತ. ಮೂವರಲ್ಲಿ ಯಾರು ನೋಡಿದರೂ ಒಂದೇ ಉತ್ತರ ಬರಬೇಕು.

ಮನೆಗಳಿಗೆ ಹೀಗೆ ಇಡಿ. ಮೊದಲನೆಯದು ವಿಚಾರಣೆ, ಇದಕ್ಕೆ ಹೆಸರು, ಫೋನ್ ನಂಬರ್, ಊರು ಸಾಕು. ಎರಡನೆಯದು ಬಿಲ್ ಬಂತು. ಬಿಲ್‌ನಲ್ಲಿ ನಾಲ್ಕು ವಿಷಯ ಸಿಗುತ್ತದೆ: ಆರ್‌ಆರ್ ನಂಬರ್, ಯಾರ ಹೆಸರಲ್ಲಿದೆ, ಮಂಜೂರಾದ ಲೋಡ್ ಎಷ್ಟು, ತಿಂಗಳಿಗೆ ಎಷ್ಟು ಯೂನಿಟ್. ತೀರಿಕೊಂಡ ತಂದೆಯವರ ಹೆಸರಲ್ಲಿ ಮೀಟರ್ ಇದ್ದರೆ ಹೆಸರು ಬದಲಾವಣೆ ಆಗದೆ ಅರ್ಜಿ ಮುಂದೆ ಹೋಗುವುದಿಲ್ಲ, ಅದು ಮೊದಲೇ ಗೊತ್ತಾಗುತ್ತದೆ. ಇನ್ನೊಂದು, ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುತ್ತಿರುವ ಮನೆಯವರು ಸೋಲಾರ್ ಬಗ್ಗೆ ಎಷ್ಟು ಆಸಕ್ತಿಯಿಂದ ಮಾತಾಡಿದರೂ ದುಡ್ಡು ಹಾಕುವುದು ಕಷ್ಟ. ಉಳಿತಾಯ ಎಲ್ಲಿಂದ ಬರಬೇಕು? ಬಿಲ್ ನೋಡಿದರೆ ಒಂದು ನಿಮಿಷದಲ್ಲಿ ತಿಳಿಯುತ್ತದೆ, ನೋಡದೆ ಹೋದರೆ ಹುಡುಗ ಹಾವೇರಿವರೆಗೆ ಬೈಕ್ ಓಡಿಸಿ ಬಂದ ಮೇಲೆ ತಿಳಿಯುತ್ತದೆ.

ಮೂರನೆಯದು ಮಹಡಿ ನೋಡಿ ಆಯಿತು. ಸಾಕ್ಷಿ ಅಂದರೆ ನೆರಳು ಬೀಳುವ ದಿಕ್ಕಿನ ಫೋಟೋ, ಅಳತೆ, ಮೀಟರ್ ಬೋರ್ಡ್‌ನ ಫೋಟೋ. ನಾಲ್ಕನೆಯದಕ್ಕೆ ಕೊಟೇಶನ್ ಕಳಿಸಿದೆ ಅಂತ ಹೆಸರಿಡಬೇಡಿ. ಕೊಟೇಶನ್ ಮೇಲೆ ಮಾತಾಯಿತು ಅಂತ ಇಡಿ. ಪಿಡಿಎಫ್ ಕಳಿಸುವುದು ನಿಮ್ಮ ಕೈಯಲ್ಲಿದೆ, ಗ್ರಾಹಕರು ಅದನ್ನು ತೆರೆದು ಪ್ರಶ್ನೆ ಕೇಳುವುದು ಅವರ ಕೈಯಲ್ಲಿದೆ. ಆ ಮಾತು ಆಗುವವರೆಗೆ ಡೀಲ್ ಮೂರನೇ ಹಂತದಲ್ಲೇ ಇರಲಿ. ಐದನೆಯದು ದುಡ್ಡಿನ ದಾರಿ ಗೊತ್ತಾಯಿತು. ಕೈಯಿಂದ ಕೊಡುತ್ತಾರಾ, ಬ್ಯಾಂಕ್ ಸಾಲವಾ, ಸಾಲವಾದರೆ ಅರ್ಜಿ ಹಾಕಿದ್ದಾರಾ. ಆರನೆಯದು ಮುಂಗಡ ಖಾತೆಗೆ ಬಂತು. ಅಷ್ಟೇ, ಗೆದ್ದ ಹಾಗೆ.

ಹನ್ನೊಂದು ಹಂತ ಇಟ್ಟರೆ ಮೂರು ಜನರಲ್ಲಿ ಯಾರೂ ಸರಿಯಾಗಿ ಜರುಗಿಸುವುದಿಲ್ಲ. ಎರಡು ಹಂತಗಳ ನಡುವೆ ನಿಮ್ಮ ಕೆಲಸ ಬದಲಾಗುವುದಿಲ್ಲ ಅಂದರೆ ಅವೆರಡನ್ನೂ ಒಂದು ಮಾಡಿ.

ಪೀಣ್ಯ_2ನೇ_ಹಂತ

ಫಾಲೋಅಪ್ ಅನ್ನೋ ಹಂತವೇ ಇಲ್ಲದೆ ಸೇಲ್ಸ್ ಹೇಗೆ ನಡೆಯುತ್ತೆ ಗುರುಗಳೇ? ನಾನು ಇಪ್ಪತ್ತು ವರ್ಷದಿಂದ ಕಟಿಂಗ್ ಟೂಲ್ಸ್ ಮಾರುತ್ತಿದ್ದೇನೆ, ನಮ್ಮ ಧಂದೆಯ ಮುಕ್ಕಾಲು ಭಾಗ ಫಾಲೋಅಪ್ಪೇ.

ಕೆರೆದಂಡೆ

ಫಾಲೋಅಪ್ ಬೇಕು ಸರ್, ಅದು ಇರಬೇಕಾದ ಜಾಗ ಬೇರೆ. ಮಹಡಿ ನೋಡಿದ ಗ್ರಾಹಕರಿಗೂ ಫಾಲೋಅಪ್ ಇದೆ, ಸಾಲಕ್ಕೆ ಕಾಯುತ್ತಿರುವವರಿಗೂ ಇದೆ. ಇಬ್ಬರನ್ನೂ ಒಂದೇ ಡಬ್ಬಿಗೆ ಹಾಕಿದರೆ ಫೋನ್ ಮಾಡಿ ಏನು ಕೇಳಬೇಕು ಅಂತಲೇ ಗೊತ್ತಾಗುವುದಿಲ್ಲ. ಪ್ರತಿ ಡೀಲ್‌ಗೂ ಮುಂದಿನ ಕೆಲಸ ಏನು, ಯಾವ ತಾರೀಖು ಅಂತ ಎರಡು ಜಾಗ ಇರಬೇಕು. ತಾರೀಖು ಇಲ್ಲದ ಡೀಲ್ ಒಂದೂ ಇರಬಾರದು. ಫಾಲೋಅಪ್ ಅಂದರೆ ಆ ತಾರೀಖು.

ಪೀಣ್ಯ_2ನೇ_ಹಂತ

ಸರಿ, ಇದು ಒಪ್ಪಬಹುದು. ಆದರೆ ಅದನ್ನೂ ಶೀಟ್‌ನಲ್ಲೇ ಮಾಡಬಹುದು. A ಹೆಸರು, E ಸ್ಥಿತಿ, F ಮುಂದಿನ ತಾರೀಖು ಅಂತ ಇಟ್ಟುಕೊಂಡು ಇನ್ನೊಂದು ಹಾಳೆಯಲ್ಲಿ ಹೀಗೆ ಹಾಕಿ (ನಿಮ್ಮ ಹಾಳೆಯ ಹೆಸರು Deals ಇದ್ದರೆ):

```
=FILTER(Deals!A2:F, Deals!F2:F<=TODAY(), Deals!E2:E="ಚಾಲ್ತಿ")
```

ಇವತ್ತು ಯಾರಿಗೆ ಮಾತಾಡಬೇಕು ಅಂತ ಪಟ್ಟಿ ಬರುತ್ತದೆ. ತಾರೀಖು ಖಾಲಿ ಬಿಟ್ಟ ಸಾಲೂ ಇದರಲ್ಲಿ ಬಂದೇ ಬರುತ್ತದೆ, ಯಾಕೆಂದರೆ ಖಾಲಿ ಜಾಗವನ್ನು ಶೀಟ್ ಸೊನ್ನೆ ಅಂತ ಲೆಕ್ಕ ಹಿಡಿಯುತ್ತದೆ. ಹಾಗಾಗಿ ಯಾರೂ ತಪ್ಪಿಸಿಕೊಳ್ಳುವುದಿಲ್ಲ.

ಜಯನಗರ_ಟಿ_ಬ್ಲಾಕ್

ಫಾರ್ಮುಲಾ ಚೆನ್ನಾಗಿದೆ. ಒಂದೆರಡು ತಿಂಗಳು ಹಂತಗಳನ್ನು ಪರೀಕ್ಷೆ ಮಾಡಲು ಇದು ಸಾಕು ಅಂತ ನಾನೂ ಒಪ್ಪುತ್ತೇನೆ. ಆದರೆ ಯಾವ ಡೀಲ್ ಯಾವ ದಿನ ಯಾವ ಹಂತಕ್ಕೆ ಬಂತು ಅನ್ನುವ ಇತಿಹಾಸ ಶೀಟ್‌ನಲ್ಲಿ ಸುಲಭವಾಗಿ ಕಾಣುವುದಿಲ್ಲ. ಹಳೆಯದರ ಮೇಲೆ ಹೊಸದನ್ನು ಬರೆದುಬಿಡುತ್ತಾರೆ. ಸಿಆರ್‌ಎಂನಿಂದ ಸಿಗುವ ದೊಡ್ಡ ಲಾಭ ಆ ಇತಿಹಾಸವೇ.

ಕೆರೆದಂಡೆ

@ಫ್ರಾಂಕ್‌ಫರ್ಟ್ ನೀವು ಹೇಳಿದ ಒಬ್ಬರೇ ಜವಾಬ್ದಾರರು, ಕೈತಪ್ಪಿದ್ದಕ್ಕೆ ಕಾರಣ, ಎರಡೂ ನೂರಕ್ಕೆ ನೂರು ಸರಿ. ನವನಗರದ ಎರಡು ರೇಟ್ ಸಮಸ್ಯೆಗೆ ಮೊದಲನೆಯದೇ ಔಷಧಿ. ಆದರೆ ಆ 10-25-50 ಶೇಕಡಾವಾರು ಇಲ್ಲಿ ಕೆಲಸ ಮಾಡುವುದಿಲ್ಲ. ಅವು ಯಾರೋ ಸಾಫ್ಟ್‌ವೇರ್‌ನಲ್ಲಿ ತುಂಬಿಟ್ಟ ಸಂಖ್ಯೆಗಳು, ಹುಬ್ಬಳ್ಳಿಯ ಮನೆಗಳ ಸಂಖ್ಯೆಗಳಲ್ಲ.

ಉದಾಹರಣೆಗೆ ನೋಡಿ. ಕೊಟೇಶನ್ ಮೇಲೆ ಮಾತಾದ 30 ಮನೆಗಳಲ್ಲಿ 12 ಮನೆಯವರು ಕೊನೆಗೆ ಮುಂಗಡ ಕೊಟ್ಟರು ಅಂತ ಇಟ್ಟುಕೊಳ್ಳಿ. ಆಗ ಆ ಹಂತದ ನಿಜವಾದ ಸಂಖ್ಯೆ 40 ಶೇಕಡಾ. ಇವತ್ತು ಆ ಹಂತದಲ್ಲಿ 10 ಮನೆಗಳಿದ್ದರೆ ಸುಮಾರು 4 ಆರ್ಡರ್, ಎಲ್ಲವೂ 3 ಕಿಲೋವ್ಯಾಟ್ ಆದರೆ 12 ಕಿಲೋವ್ಯಾಟ್‌ನಷ್ಟು ಪ್ಯಾನೆಲ್. ಒಂದೆರಡು ಆಚೀಚೆ ಆದರೂ ಡೀಲರ್‌ಗೆ ಹೇಳಬಹುದಾದ ಲೆಕ್ಕ. ಈಗ ಅದೇ ಪಟ್ಟಿಗೆ 60 ಕಿಲೋವ್ಯಾಟ್‌ನ ಒಂದು ಫ್ಯಾಕ್ಟರಿ ಸೇರಿಸಿ, 50 ಶೇಕಡಾ ಅಂತ ಗುಣಿಸಿ. 30 ಬಂತು. ಆದರೆ ಆ ಫ್ಯಾಕ್ಟರಿಯಿಂದ 30 ಯಾವತ್ತೂ ಬರುವುದಿಲ್ಲ. ಬಂದರೆ 60, ಇಲ್ಲದಿದ್ದರೆ ಸೊನ್ನೆ. 42 ಕಿಲೋವ್ಯಾಟ್‌ಗೆ ಪ್ಯಾನೆಲ್ ತರಿಸಿದರೆ ಎರಡೂ ಕಡೆ ತಪ್ಪು. ಹತ್ತಾರು ಸಣ್ಣ ಡೀಲ್‌ಗಳಿದ್ದಾಗ ಸರಾಸರಿ ನಂಬಬಹುದು, ಒಂದೆರಡು ದೊಡ್ಡವಕ್ಕೆ ಒಂದೊಂದಾಗಿ ಮಾತಾಡಿಯೇ ತೀರ್ಮಾನ ಮಾಡಬೇಕು.

ಅದಕ್ಕೇ ಫ್ಯಾಕ್ಟರಿಗೆ ಬೇರೆ ಪೈಪ್‌ಲೈನ್ ಇಡಿ ಅನ್ನುತ್ತೇನೆ.

ಫ್ರಾಂಕ್‌ಫರ್ಟ್_ಕನ್ನಡಿಗ

ಫ್ಯಾಕ್ಟರಿ ವಿಷಯ ಒಪ್ಪಿದೆ. ನಮ್ಮಲ್ಲಿ ಡೀಲ್‌ಗಳು ಸಾವಿರಗಟ್ಟಲೆ ಇರುವುದರಿಂದ ಈ ತೊಂದರೆ ಕಾಣುವುದಿಲ್ಲ. ಆದರೆ ಮೂರು ಜನಕ್ಕೆ ಎರಡು ಪೈಪ್‌ಲೈನ್ ಜಾಸ್ತಿ ಆಗುವುದಿಲ್ಲವಾ? ಒಂದೇ ಇಟ್ಟು, ಗ್ರಾಹಕರ ವಿಧ ಅಂತ ಒಂದು ಕಾಲಂ ಹಾಕಿ ಸೋಸಿಕೊಂಡರೆ ಸಾಕಲ್ವಾ?

ಕೆರೆದಂಡೆ

ಹಂತಗಳು ಒಂದೇ ಆಗಿದ್ದರೆ ಸಾಕು. ಇಲ್ಲಿ ಒಂದೇ ಅಲ್ಲ. ಮನೆಯಲ್ಲಿ ಸಿಎ ಲೆಕ್ಕ ನೋಡುವ ಹಂತ ಇಲ್ಲ, ಫ್ಯಾಕ್ಟರಿಯಲ್ಲಿ ಸಬ್ಸಿಡಿ ಮಾತು ಇಲ್ಲ.

ಕಡಲ_ಕಿನಾರೆ

ಮಂಗಳೂರಿನಿಂದ. ನಮ್ಮದು ಮಾಡ್ಯುಲರ್ ಕಿಚನ್ ಮತ್ತು ವಾರ್ಡ್‌ರೋಬ್ ಕೆಲಸ, ಸೇಲ್ಸ್‌ನಲ್ಲಿ ಮೂವರೇ. ಹಂತಗಳ ವಿಷಯ ಎಲ್ಲರೂ ಹೇಳಿದರು, ನಾನು ಫೋನ್ ನಂಬರ್ ವಿಷಯ ಹೇಳುತ್ತೇನೆ. ನಮ್ಮಲ್ಲಿ ಒಬ್ಬರು ಕೆಲಸ ಬಿಟ್ಟಾಗ ಎರಡು ವರ್ಷದ ಗ್ರಾಹಕರ ಚಾಟ್ ಅವರ ಸ್ವಂತ ನಂಬರ್ ಜೊತೆ ಹೋಯಿತು. ಅಡುಗೆಮನೆ ಅಳತೆ, ಡ್ರಾಯಿಂಗ್, ಗ್ರಾಹಕರು ಆರಿಸಿದ ಲ್ಯಾಮಿನೇಟ್ ಬಣ್ಣದ ಫೋಟೋ, ಎಲ್ಲಾ. ಆಮೇಲೆ ಸಂಸ್ಥೆಯ ಹೆಸರಲ್ಲೇ ಸಿಮ್ ತಗೊಂಡು ವಾಟ್ಸಾಪ್ ಬಿಸಿನೆಸ್ ಹಾಕಿದೆವು. ಒಂದು ಫೋನ್ ಜೊತೆ ಇನ್ನೂ ನಾಲ್ಕು ಸಾಧನಗಳನ್ನು ಜೋಡಿಸಬಹುದು, ಮೂರು ಜನಕ್ಕೆ ಬೇಕಾದಷ್ಟು. ಗ್ರಾಹಕರಿಗೆ ಒಂದೇ ನಂಬರ್ ಕಾಣುತ್ತದೆ. ಸರ್, ನಿಮ್ಮ ಹುಡುಗನ ವಾಟ್ಸಾಪ್ ಅವನ ಸ್ವಂತದ್ದಾ? ಹಾಗಿದ್ದರೆ ಯಾವ ಸಿಆರ್‌ಎಂ ಅನ್ನುವುದಕ್ಕಿಂತ ಮೊದಲು ಇದನ್ನು ಸರಿ ಮಾಡಿ.

ಹುಬ್ಬಳ್ಳಿ_ಬಿಸಿಲು

ಹೌದು ಮೇಡಂ, ಅವನ ಸ್ವಂತದ್ದೇ. ನಾಳೆಯೇ ಹೊಸ ಸಿಮ್ ತರಿಸುತ್ತೇನೆ. ಹಳೆ ಚಾಟ್‌ಗಳನ್ನು ಏನು ಮಾಡಿದಿರಿ?

ಕಡಲ_ಕಿನಾರೆ

ಬಿಟ್ಟುಹೋದವು ಬರಲಿಲ್ಲ. ನಿಮ್ಮ ಹುಡುಗ ಜೊತೆಯಲ್ಲೇ ಇದ್ದಾನಲ್ಲ, ಚಾಲ್ತಿಯಲ್ಲಿರುವ ಗ್ರಾಹಕರದ್ದು ಮಾತ್ರ ಒಂದೊಂದಾಗಿ ಚಾಟ್ ಎಕ್ಸ್‌ಪೋರ್ಟ್ ಮಾಡಿಸಿ, ಬಿಲ್ ಮತ್ತು ಮಹಡಿ ಫೋಟೋಗಳನ್ನು ಡೀಲ್‌ಗೆ ಸೇರಿಸಿ. ಎಲ್ಲರದ್ದೂ ಮಾಡಲು ಹೋದರೆ ಮುಗಿಯುವುದಿಲ್ಲ.

ಮಲೆನಾಡ_ಮಳೆ

ಹಂತಗಳ ಬಗ್ಗೆ ನನ್ನದೊಂದು ತಕರಾರು ಇದೆ. ಮುಂಗಡ ಬಂದರೆ ಗೆದ್ದ ಹಾಗೆ ಅಂದಿರಿ. ನಾನು ಶಿವಮೊಗ್ಗದಲ್ಲಿ ಇದೇ ಸೋಲಾರ್ ಕೆಲಸದಲ್ಲಿ ಇದ್ದೆ. ಮುಂಗಡ ಆದ ಮೇಲೇ ನಿಜವಾದ ಓಡಾಟ ಶುರು ಆಗುವುದು. ಪೋರ್ಟಲ್ ಅರ್ಜಿ, ವಿದ್ಯುತ್ ಕಂಪನಿಯ ಒಪ್ಪಿಗೆ, ಫಿಟ್ಟಿಂಗ್, ನೆಟ್ ಮೀಟರ್, ತಪಾಸಣೆ, ಸಬ್ಸಿಡಿ. ಗ್ರಾಹಕರು ಫೋನ್ ಮಾಡುವುದು ಸೇಲ್ಸ್ ಹುಡುಗನಿಗೇ. ಎಲ್ಲವನ್ನೂ ಒಂದೇ ಪೈಪ್‌ಲೈನ್‌ನಲ್ಲಿ ಇಟ್ಟರೆ ಯಾರು ಎಲ್ಲಿದ್ದಾರೆ ಅಂತ ಒಂದೇ ಪರದೆಯಲ್ಲಿ ಕಾಣುತ್ತದೆ.

ಕೆರೆದಂಡೆ

ಕಾಣಬೇಕು ಅನ್ನುವುದು ಸರಿ, ಆದರೆ ಬೇರೆ ಬೋರ್ಡ್‌ನಲ್ಲಿ. ಮಾರಾಟದ ಪೈಪ್‌ಲೈನ್ ಉತ್ತರಿಸಬೇಕಾದ ಪ್ರಶ್ನೆ ಒಂದೇ: ಇವರು ಕೊಳ್ಳುತ್ತಾರಾ, ಯಾವಾಗ? ಅನುಷ್ಠಾನದ ಬೋರ್ಡ್‌ನ ಪ್ರಶ್ನೆ ಬೇರೆ: ಕೆಲಸ ಎಲ್ಲಿ ನಿಂತಿದೆ? ಎರಡನ್ನೂ ಬೆರೆಸಿದರೆ ಈಗಾಗಲೇ ಗೆದ್ದ ಡೀಲ್‌ಗಳು ಮೀಟರ್‌ಗೆ ಕಾಯುತ್ತಾ ಚಾಲ್ತಿ ಪಟ್ಟಿಯಲ್ಲೇ ಇರುತ್ತವೆ. ಪಟ್ಟಿ ದಪ್ಪ ಕಾಣುತ್ತದೆ, ಹೊಸ ವಿಚಾರಣೆ ಕಡಿಮೆ ಆಗಿದೆ ಅನ್ನುವುದು ತಡವಾಗಿ ಗೊತ್ತಾಗುತ್ತದೆ.

ಮಲೆನಾಡ_ಮಳೆ

ಹಾಗಾದರೆ ಗ್ರಾಹಕರು ಕೊನೆಯ ಕಂತು ಸಬ್ಸಿಡಿ ಬಂದ ಮೇಲೆ ಕೊಡುತ್ತೇವೆ ಅಂದರೆ? ಆ ದುಡ್ಡು ಬರುವವರೆಗೆ ಮಾರಾಟ ಮುಗಿದಿಲ್ಲ ಅಂತ ನಾನು ಹೇಳುತ್ತೇನೆ.

ಹುಬ್ಬಳ್ಳಿ_ಬಿಸಿಲು

ಇದು ನಮಗೂ ಇರುವ ತಾಪತ್ರಯ. ಕೆಲವರು ₹78,000 ಖಾತೆಗೆ ಬಿದ್ದ ಮೇಲೆಯೇ ಉಳಿದದ್ದು ಅಂತ ಪಟ್ಟು ಹಿಡಿಯುತ್ತಾರೆ.

ಲೆಕ್ಕದ_ಪುಸ್ತಕ

ನಾನು ಅಕೌಂಟ್ಸ್ ಕಡೆಯವನು. ಬಾಕಿ ವಸೂಲಿಯನ್ನು ಸಿಆರ್‌ಎಂನಲ್ಲಿ ನೋಡಬೇಡಿ, ಟ್ಯಾಲಿಯಲ್ಲಿ ಪಾರ್ಟಿವಾರು ಬಾಕಿ ಪಟ್ಟಿ ಇದ್ದೇ ಇದೆ. ಒಂದೇ ದುಡ್ಡಿಗೆ ಎರಡು ಕಡೆ ಲೆಕ್ಕ ಇಟ್ಟರೆ ಎರಡೂ ಹೊಂದುವುದಿಲ್ಲ. ಸಿಆರ್‌ಎಂನಲ್ಲಿ ಕೊಟೇಶನ್ ನಂಬರ್ ಬರೆಯಿರಿ, ಅದೇ ನಂಬರನ್ನು ಟ್ಯಾಲಿ ಬಿಲ್‌ನಲ್ಲೂ ಹಾಕಿ. ಹುಡುಕಲು ಅಷ್ಟು ಸಾಕು. ರೇಟ್ ಬದಲಾದರೆ ಅದೇ ನಂಬರ್‌ಗೆ ಎ, ಬಿ ಅಂತ ಸೇರಿಸಿ. ನವನಗರದ ಹಾಗೆ ಎರಡು ರೇಟ್ ಹೋಗುವುದು ಅಲ್ಲಿಗೇ ನಿಲ್ಲುತ್ತದೆ.

ಮಲೆನಾಡ_ಮಳೆ

ಅಕೌಂಟ್ಸ್‌ನವರು ಫೋನ್ ಮಾಡಿ ಬಾಕಿ ಕೇಳಲ್ಲ ಸರ್, ಸೇಲ್ಸ್‌ನವನೇ ಕೇಳಬೇಕು. ನಾನು ಒಪ್ಪಲ್ಲ.

ಬೆಣ್ಣೆದೋಸೆ_ದಾವಣಗೆರೆ

ಸರ್ ನಮ್ಮ ಬಿಲ್ ತಾತನ ಹೆಸರಲ್ಲಿದೆ. ಮೇಲೆ ಓದಿದ ಮೇಲೆ ಭಯ ಆಯ್ತು. ಏನು ಮಾಡಲಿ?

ಹುಬ್ಬಳ್ಳಿ_ಬಿಸಿಲು

ಭಯ ಬೇಡ. ನಿಮ್ಮ ಭಾಗದ ವಿದ್ಯುತ್ ಕಚೇರಿಯಲ್ಲಿ ಮೊದಲು ಹೆಸರು ಬದಲಾವಣೆಗೆ ಅರ್ಜಿ ಕೊಡಿ, ಮನೆಯ ಖಾತೆ ಕಾಗದ ಯಾರ ಹೆಸರಲ್ಲಿದೆ ಅಂತ ನೋಡಿಕೊಳ್ಳಿ. ಅದು ಆದ ಮೇಲೆ ಸೋಲಾರ್ ಅರ್ಜಿ.

ಕೆರೆದಂಡೆ

ಇಂಥವರನ್ನು ಎಲ್ಲಿ ಇಡಬೇಕು ಅನ್ನುವುದೂ ಮುಖ್ಯ. ಬಿಲ್ ಬಂದಿದೆ, ಮನಸ್ಸಿದೆ, ಆದರೆ ಹೆಸರು ಬದಲಾಗುವವರೆಗೆ ಮುಂದೆ ಹೋಗಲು ಆಗಲ್ಲ. ಇವರನ್ನು ಚಾಲ್ತಿಯಿಂದ ತೆಗೆದು ಮುಂದೂಡಿದ್ದು ಅನ್ನುವ ಸ್ಥಿತಿಗೆ ಹಾಕಿ, ಮತ್ತೆ ಮಾತಾಡುವ ತಾರೀಖು ಬರೆಯಿರಿ. ಕೈತಪ್ಪಿದ್ದು ಅಂತ ಮುಚ್ಚಬೇಡಿ. ಆಷಾಢ ಮುಗೀಲಿ, ಪಿತೃಪಕ್ಷ ಕಳೀಲಿ ಅನ್ನುವವರೂ ಇಲ್ಲಿಗೇ ಸೇರುತ್ತಾರೆ. ಅವರು ಬೇಡ ಅಂದಿಲ್ಲ, ನಿಜವಾಗಿಯೂ ಆ ತಿಂಗಳು ಹೊಸ ಕೆಲಸ ಶುರು ಮಾಡಲ್ಲ. ಶ್ರಾವಣದ ಮೊದಲ ವಾರಕ್ಕೆ ತಾರೀಖು ಹಾಕಿಟ್ಟರೆ ಬೇರೆಯವರಿಗಿಂತ ಮೊದಲು ನಿಮ್ಮ ಫೋನ್ ಹೋಗುತ್ತದೆ.

ಇದರ ಜೊತೆ, ಪ್ರತಿ ಹಂತಕ್ಕೂ ದಿನಗಳ ಮಿತಿ ಇಡಿ. ನಿಮ್ಮ ಗೆದ್ದ ಆರ್ಡರ್‌ಗಳಲ್ಲಿ ಮಹಡಿ ನೋಡಿದ ಮೇಲೆ ಕೊಟೇಶನ್ ಮಾತಿಗೆ ಸಾಮಾನ್ಯವಾಗಿ ಒಂದು ವಾರ ಹಿಡಿದಿದ್ದರೆ, ಎರಡು ವಾರ ದಾಟಿದ ಡೀಲ್ ಕೆಂಪು. ಕೆಂಪಾದದ್ದನ್ನು ಸೋಮವಾರ ಬೆಳಿಗ್ಗೆ ಮೂವರೂ ನೋಡಿ, ಮುಂದೆ ತಳ್ಳಬೇಕಾ, ಮುಂದೂಡಬೇಕಾ, ಮುಚ್ಚಬೇಕಾ ಅಂತ ಅಲ್ಲೇ ತೀರ್ಮಾನ ಮಾಡಿ.

ಹುಬ್ಬಳ್ಳಿ_ಬಿಸಿಲು

ಇದು ಬಹಳ ಉಪಯೋಗಕ್ಕೆ ಬರುತ್ತದೆ. ಈಗ ಟೂಲ್ ಬಗ್ಗೆ ಹೇಳಿ. ಬಿಟ್ಟಿ ಪ್ಲಾನ್‌ನಲ್ಲಿ ನಡೆಯುತ್ತದಾ?

ಜಯನಗರ_ಟಿ_ಬ್ಲಾಕ್

ನಾನು ಸಣ್ಣ ಸಂಸ್ಥೆಗಳಿಗೆ ಇವನ್ನು ಹಾಕಿಕೊಡುತ್ತೇನೆ, ಯಾವ ಕಂಪನಿಯ ಏಜೆಂಟ್ ಅಲ್ಲ. ಮೂರು ಜನ ಅನ್ನುವುದು ಗಡಿಯ ಮೇಲಿನ ಸಂಖ್ಯೆ. ಜೋಹೊ ಸಿಆರ್‌ಎಂ ಮೂರು ಬಳಕೆದಾರರವರೆಗೆ ಉಚಿತ, ಫ್ರೆಶ್‌ಸೇಲ್ಸ್ ಕೂಡ ಮೂರರವರೆಗೆ. ಜೋಹೊದವರದ್ದೇ ಬಿಗಿನ್ ಪೈಪ್‌ಲೈನ್ ಕೆಲಸಕ್ಕೆ ಸರಳ, ಆದರೆ ಅದರ ಉಚಿತ ಪ್ಲಾನ್ ಒಬ್ಬರಿಗೆ ಮಾತ್ರ, ನೀವು ತಲೆಗೆ ಇಷ್ಟು ಅಂತ ಕಟ್ಟಬೇಕು. ಪೈಪ್‌ಡ್ರೈವ್‌ನಲ್ಲಿ ಉಚಿತ ಪ್ಲಾನ್ ಇಲ್ಲ, ಕೆಲವು ದಿನ ನೋಡಲು ಕೊಡುತ್ತಾರೆ ಅಷ್ಟೇ. ಓಡೂ ಒಂದೇ ಆ್ಯಪ್ ಬಳಸಿದರೆ ಉಚಿತ. ಸಿಆರ್‌ಎಂ ಜೊತೆ ಕೊಟೇಶನ್‌ಗೆ ಅಂತ ಇನ್ನೊಂದು ಆ್ಯಪ್ ಹಾಕಿದ ಕ್ಷಣ ದುಡ್ಡು ಶುರು.

ಮೂರು ಜನ ಉಚಿತ ಅಂತ ಖುಷಿಪಡುವ ಮೊದಲು ನಾಲ್ಕನೆಯವರು ಯಾರು ಅಂತ ಯೋಚಿಸಿ. ಅಕೌಂಟ್ಸ್‌ನವರು ನೋಡಬೇಕು ಅಂದರೆ ಅವರೂ ಒಬ್ಬ ಬಳಕೆದಾರರು. ಮುಂದಿನ ವರ್ಷ ಗದಗಕ್ಕೆ ಒಬ್ಬನನ್ನು ಇಟ್ಟುಕೊಂಡರೆ? ಆಗ ನಾಲ್ಕನೆಯವನಿಗೆ ಮಾತ್ರವಲ್ಲ, ಸಾಮಾನ್ಯವಾಗಿ ನಾಲ್ವರಿಗೂ ಕಟ್ಟಬೇಕಾಗುತ್ತದೆ. ಹಾಗಾಗಿ ಇವತ್ತೇ ನಾಲ್ಕು ಜನಕ್ಕೆ, ಒಂದು ವರ್ಷಕ್ಕೆ ಎಷ್ಟಾಗುತ್ತದೆ ಅಂತ ಲೆಕ್ಕ ಹಾಕಿ ಹೋಲಿಸಿ. ಉಚಿತ ಪ್ಲಾನ್‌ನಲ್ಲಿ ಎರಡು ಪೈಪ್‌ಲೈನ್ ಇಡಲು ಬಿಡುತ್ತಾರಾ, ನಿಮ್ಮದೇ ಕಾಲಂ ಸೇರಿಸಲು ಆಗುತ್ತದಾ ಅಂತ ಒಳಗೆ ಹೋಗಿ ನೋಡಿ. ಆರ್‌ಆರ್ ನಂಬರ್‌ಗೆ ಒಂದು ಜಾಗ ಇಲ್ಲದಿದ್ದರೆ ನಿಮಗೆ ಉಪಯೋಗ ಇಲ್ಲ.

ಇನ್ನು ಪರೀಕ್ಷೆ. ಡೆಮೊ ನೋಡಿ ತಗೊಳ್ಳಬೇಡಿ. ಎರಡು ಟೂಲ್ ಆರಿಸಿ, ನಿಮ್ಮ ನಿಜವಾದ ಹತ್ತು ಗ್ರಾಹಕರನ್ನು ಎರಡರಲ್ಲೂ ತುಂಬಿ. ಹುಡುಗನನ್ನು ಮಧ್ಯಾಹ್ನದ ಬಿಸಿಲಲ್ಲಿ ಮಹಡಿಗೆ ಕಳಿಸಿ, ಫೋನ್‌ನಲ್ಲೇ ಫೋಟೋ ಸೇರಿಸಿ, ಹಂತ ಜರುಗಿಸಿ, ಮುಂದಿನ ತಾರೀಖು ಹಾಕಲು ಹೇಳಿ. ಒಂದೂವರೆ ನಿಮಿಷಕ್ಕಿಂತ ಜಾಸ್ತಿ ಹಿಡಿದರೆ ಅವನು ಅದನ್ನು ದಿನಾ ಮಾಡಲ್ಲ. ಕಡ್ಡಾಯ ಕಾಲಂಗಳು ಜಾಸ್ತಿ ಇದ್ದರೂ ಅಷ್ಟು ಹೊತ್ತು ಹಿಡಿಯಬಹುದು, ಅವನ್ನು ಕಡಿಮೆ ಮಾಡಿ ಮತ್ತೆ ನೋಡಿ.

ಕಡಲ_ಕಿನಾರೆ

ಡೇಟಾ ಹೊರಗೆ ತೆಗೆಯುವುದನ್ನೂ ಶುರುವಿನಲ್ಲೇ ನೋಡಿ. ನಾವು ಟೂಲ್ ಬದಲಿಸಿದಾಗ ಹೆಸರು, ನಂಬರ್ ಬಂತು, ಟಿಪ್ಪಣಿ ಮತ್ತು ಫೋಟೋಗಳಿಗೆ ಬೇರೆಯಾಗಿ ಹೆಣಗಾಡಬೇಕಾಯಿತು.

ಜಯನಗರ_ಟಿ_ಬ್ಲಾಕ್

ಸರಿಯಾದ ಮಾತು. ಸಿಎಸ್‌ವಿ ತೆಗೆದು ನೇರವಾಗಿ ಎಕ್ಸೆಲ್‌ನಲ್ಲಿ ತೆರೆದರೆ ಕನ್ನಡ ಹೆಸರುಗಳು ಗೀಚಿದ ಹಾಗೆ ಕಾಣಬಹುದು. ಗಾಬರಿ ಬೇಡ, ಡೇಟಾ ಹಾಳಾಗಿರುವುದಿಲ್ಲ. Data ಮೆನುವಿನಲ್ಲಿ From Text/CSV ಆರಿಸಿ, ಅಕ್ಷರ ಸಂಕೇತ UTF-8 ಅಂತ ಕೊಟ್ಟರೆ ಸರಿ ಬರುತ್ತದೆ. 91 ಸೇರಿಸಿದ ಫೋನ್ ನಂಬರ್‌ಗಳು 9.19E+11 ಅಂತ ಕಂಡರೆ ಆ ಕಾಲಂ ಅನ್ನು Text ಮಾಡಿ ತರಿಸಿಕೊಳ್ಳಿ.

ಫೋನ್ ನಂಬರ್ ಅಂದ ಕೂಡಲೇ ನೆನಪಾಯಿತು. ಒಬ್ಬರೇ ಗ್ರಾಹಕರು ಎರಡು ಸಲ ಸೇರದಂತೆ ತಡೆಯಲು ಹೆಸರನ್ನು ನಂಬಬೇಡಿ. ಪಾಟೀಲ ಅನ್ನುವುದನ್ನೇ ಮೂವರು ಮೂರು ಥರ ಟೈಪ್ ಮಾಡುತ್ತಾರೆ, ನಿಮ್ಮ ಕಡೆ ಪಾಟೀಲರು ಎಷ್ಟು ಜನ! ನಂಬರ್ ಒಂದೇ ರೀತಿ ಬರೆಯಿರಿ, ಮುಂದೆ ಸೊನ್ನೆ ಬೇಡ, ನಡುವೆ ಜಾಗ ಬೇಡ. ಬಿಲ್ ಬಂದ ಮೇಲೆ ಆರ್‌ಆರ್ ನಂಬರ್. ಗಂಡ ಒಂದು ನಂಬರಿಂದ, ಹೆಂಡತಿ ಇನ್ನೊಂದರಿಂದ ಕೇಳಿದರೂ ಮೀಟರ್ ಒಂದೇ ಇರುತ್ತದೆ, ಅಲ್ಲಿ ಸಿಕ್ಕಿಬೀಳುತ್ತದೆ.

ಪೀಣ್ಯ_2ನೇ_ಹಂತ

ಆರ್‌ಆರ್ ನಂಬರ್ ಉಪಾಯ ಚೆನ್ನಾಗಿದೆ. ನಮಗೆ ಜಿಎಸ್‌ಟಿ ನಂಬರ್ ಅದೇ ಕೆಲಸ ಮಾಡಬಹುದು ಅನ್ನಿಸುತ್ತೆ.

ಲೆಕ್ಕದ_ಪುಸ್ತಕ

@ಪೀಣ್ಯ ಮಾಡುತ್ತದೆ, ಆದರೆ ಒಂದೇ ಕಂಪನಿಗೆ ರಾಜ್ಯಕ್ಕೊಂದು ಜಿಎಸ್‌ಟಿ ನಂಬರ್ ಇರುತ್ತದೆ. ಹೊಸೂರಿನಲ್ಲೂ ಘಟಕ ಇರುವ ಗ್ರಾಹಕರು ಎರಡು ಸಲ ಕಾಣುತ್ತಾರೆ. ಅದರ ಒಳಗಿರುವ ಪ್ಯಾನ್‌ನ ಹತ್ತು ಅಕ್ಷರ ನೋಡಿ.

ಹುಬ್ಬಳ್ಳಿ_ಬಿಸಿಲು

ಎಲ್ಲರಿಗೂ ಬಹಳ ಧನ್ಯವಾದ. ನಾವು ತೀರ್ಮಾನ ಮಾಡಿದ್ದು ಹೀಗೆ. ಮನೆಗಳಿಗೆ ಆ ಆರು ಹಂತ, ಜೊತೆಗೆ ಮುಂದೂಡಿದ್ದು, ಕೈತಪ್ಪಿದ್ದು. ಈ ತಿಂಗಳು ಪೀಣ್ಯ ಸರ್ ಫಾರ್ಮುಲಾ ಹಾಕಿದ ಶೀಟ್‌ನಲ್ಲಿ ಓಡಿಸುತ್ತೇವೆ, ಜೊತೆಗೆ ಎರಡು ಟೂಲ್‌ಗಳಲ್ಲಿ ಹತ್ತತ್ತು ಗ್ರಾಹಕರನ್ನು ತುಂಬಿ ನೋಡುತ್ತೇವೆ. ಬಿಲ್ ಫೋಟೋ ಇಲ್ಲದೆ ಮಹಡಿ ನೋಡಲು ಹೋಗುವುದಿಲ್ಲ, ಮಹಡಿ ನೋಡದೆ ರೇಟ್ ಹೋಗುವುದಿಲ್ಲ. ರೇಟ್ ಹೇಳುವವರು ಮೇಡಂ ಒಬ್ಬರೇ.

ಒಂದು ಗೊಂದಲ ಉಳಿದಿದೆ. ಫ್ಯಾಕ್ಟರಿ ಡೀಲ್‌ಗಳನ್ನೆಲ್ಲ ನಾನೇ ನೋಡುತ್ತೇನೆ, ಸದ್ಯ ನಾಲ್ಕೇ ಇವೆ. ಅವು ನನ್ನ ತಲೆಯಲ್ಲೇ ಇವೆ, ಟೂಲ್‌ಗೆ ಹಾಕಬೇಕಾ?

ಫ್ರಾಂಕ್‌ಫರ್ಟ್_ಕನ್ನಡಿಗ

ನಾಲ್ಕಕ್ಕೆ ಬೇಡ ಅನ್ನಿಸುತ್ತದೆ. ಒಂದು ಹಾಳೆ ಸಾಕು.

ಕೆರೆದಂಡೆ

ಹಾಕಲೇಬೇಕು ಅನ್ನುತ್ತೇನೆ. ನಾಲ್ಕರಲ್ಲಿ ಒಂದು ಬಂದರೂ ನಿಮ್ಮ ಇಡೀ ತಿಂಗಳ ಪ್ಯಾನೆಲ್ ಲೆಕ್ಕ ತಲೆಕೆಳಗಾಗುತ್ತದೆ, ಹಾಗಾಗಿ ಆ ತಾರೀಖುಗಳು ಮೇಡಂಗೂ ಕಾಣಬೇಕು. ನೀವು ಊರಲ್ಲಿ ಇಲ್ಲದಾಗ ಅವರ ಸಿಎ ಫೋನ್ ಮಾಡಿದರೆ ಏನು ಹೇಳಬೇಕು ಅಂತ ಆಫೀಸಿನಲ್ಲಿ ಯಾರಿಗಾದರೂ ಗೊತ್ತಿರಬೇಕಲ್ವಾ. ಮಾಲೀಕರು ತಮ್ಮ ಡೀಲ್ ಹಾಕದಿದ್ದರೆ ಉಳಿದಿಬ್ಬರೂ ಎರಡನೇ ವಾರಕ್ಕೆ ನಿಲ್ಲಿಸುತ್ತಾರೆ.

ಹುಬ್ಬಳ್ಳಿ_ಬಿಸಿಲು

ಸರಿ, ನಾಲ್ಕನ್ನೂ ಇವತ್ತೇ ಹಾಕುತ್ತೇನೆ. ತಾರಿಹಾಳದವರ ಸಿಎ ಎರಡು ಸಲ ಲೆಕ್ಕ ಕೇಳಿದ್ದಾರೆ. ಅದು ಕೊಟೇಶನ್ ಮೇಲೆ ಮಾತಾಯಿತು ಅಂತ ಆಗುತ್ತದಾ?

ಕೆರೆದಂಡೆ

ಸಿಎ ಕೇಳಿದ್ದು ಒಳ್ಳೆಯದು. ಆದರೆ ಪಾಲುದಾರರು ನೋಡಿದ್ದಾರಾ ಅಂತ ಮೊದಲು ಕೇಳಿ. ನೋಡಿಲ್ಲ ಅಂದರೆ ಇನ್ನೂ ಆ ಹಂತಕ್ಕೆ ಬಂದಿಲ್ಲ.